40 ಹೋದರೆ ಎಷ್ಟು ಹೋದಂತೆ?

ಸ್ವಂತವಾಗಿ ಕೆಲಸ ಮಾಡುವವರನ್ನು "ಹೇಗೆ ನಡೀತಿದೆ?" ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದು ಸಂಖ್ಯೆ. "ಪರವಾಗಿಲ್ಲ, ಈಗ ಎಂಟು ಕ್ಲೈಂಟ್ ಇದ್ದಾರೆ." ಎಂಟು ಅಂದ ತಕ್ಷಣ ಕೇಳುವವರಿಗೂ ಸಮಾಧಾನ, ಹೇಳುವವರಿಗೂ ಸಮಾಧಾನ. ಒಬ್ಬರು ಹೋದರೆ ಇನ್ನೂ ಏಳು ಜನ ಇರ್ತಾರಲ್ಲ ಅಂತ. ನಾನು ಸಣ್ಣ ಸಣ್ಣ ತಂಡಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಈ ಎಂಟು, ಹತ್ತು, ಹನ್ನೆರಡು ಅನ್ನುವ ಲೆಕ್ಕ ಕೇಳಿದಾಗೆಲ್ಲ ನನಗೆ ಕಿರಿಕಿರಿ ಆಗುತ್ತೆ. ತಲೆ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಎಂಟರಲ್ಲಿ ಯಾರು ಎಷ್ಟು ಕೊಡುತ್ತಾರೆ ಅನ್ನುವುದು ಮೊದಲ ಪ್ರಶ್ನೆ. ಅದು ಗೊತ್ತಾದ ಮೇಲೂ, ಅವರು ಹೋದರೆ ಕೈಗೆ ಬರುವ ದುಡ್ಡಿನಲ್ಲಿ ಎಷ್ಟು ಕಮ್ಮಿ ಆಗುತ್ತೆ ಅನ್ನುವ ಎರಡನೇ ಪ್ರಶ್ನೆ ಉಳಿಯುತ್ತೆ. ಎರಡರ ಉತ್ತರವೂ ಒಂದೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ.

ಒಂದು ನಿಜವಾದ ಲೆಕ್ಕವನ್ನೇ ಇಟ್ಟುಕೊಂಡು ಹೇಳುತ್ತೇನೆ. ನನ್ನ ಗೆಳತಿಯೊಬ್ಬಳು ವೆಬ್‌ಸೈಟ್ ಮತ್ತು ಡಿಸೈನ್ ಕೆಲಸದ ಪುಟ್ಟ ಸ್ಟುಡಿಯೋ ನಡೆಸುತ್ತಾಳೆ. ಸಂಬಳಕ್ಕೆ ಮೂರು ಜನ, ಜೊತೆಗೆ ಬೇಕಾದಾಗ ಕರೆಯುವ ಹೊರಗಿನ ಫ್ರೀಲ್ಯಾನ್ಸರ್‌ಗಳು. ಮೊತ್ತ ಹೇಳುವಂತಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ತಿಂಗಳಿಗೆ ಅವಳು ಮಾಡುವ ಒಟ್ಟು ಬಿಲ್ಲನ್ನು 100 ಅಂತ ಇಟ್ಟುಕೊಳ್ಳೋಣ, ಉಳಿದ ಎಲ್ಲವನ್ನೂ ಅದೇ ಅಳತೆಯಲ್ಲಿ ನೋಡೋಣ. ಕ್ಲೈಂಟ್‌ಗಳಿಗೆ ಎ, ಬಿ, ಸಿ ಅಂತ ಹೆಸರಿಟ್ಟರೆ ಸಾಕು.

| ಕ್ಲೈಂಟ್ | ತಿಂಗಳ ಬಿಲ್ | ಆ ಕೆಲಸಕ್ಕೆ ಹೊರಗಿನವರಿಗೆ ಕೊಡುವುದು | ಉಳಿಯುವುದು |
|---|---|---|---|
| ಎ | 40 | 10 | 30 |
| ಬಿ | 18 | 5 | 13 |
| ಸಿ | 12 | 1 | 11 |
| ಡಿ | 10 | 1 | 9 |
| ಇ | 8 | 0 | 8 |
| ಸಣ್ಣ ಮೂವರು (ತಲಾ 4) | 12 | 3 | 9 |
| ಒಟ್ಟು | 100 | 20 | 80 |

ಕೊನೆಯ ಕಾಲಮ್ಮಿನ 80 ಅವಳ ಕೈಗೆ ಬರುವುದಿಲ್ಲ. ಅದರಲ್ಲಿ ಮೂವರ ಸಂಬಳ, ಜಾಗದ ಬಾಡಿಗೆ, ಸಾಫ್ಟ್‌ವೇರ್ ಚಂದಾ ಎಲ್ಲ ಸೇರಿ 50 ಹೋಗುತ್ತೆ. ಕೆಲಸ ಇರಲಿ ಬಿಡಲಿ, ಇದು ತಿಂಗಳು ತಿಂಗಳು ಆಗುವ ಖರ್ಚು. ಅದೆಲ್ಲ ಕಳೆದು ಅವಳಿಗೆ ಉಳಿಯುವುದು 30. ಮನೆ ನಡೆಯುವುದು ಈ 30ರಲ್ಲಿ.

## ಪಾಲು ಒಂದು, ಪೆಟ್ಟು ಇನ್ನೊಂದು

ಈ ಟೇಬಲ್ ಮಾಡಿದ್ದು ಎ ಹೋಗುವುದಕ್ಕಿಂತ ಬಹಳ ಮೊದಲು, ಬೇರೆಯೇ ಒಂದು ಕಾರಣಕ್ಕೆ. ಒಂದು ಸಂಜೆ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಎ ಕೆಲಸಕ್ಕೆ ಹೊರಗಿನವರಿಗೆ ತಿಂಗಳಿಗೆ 10 ಸುರೀತಿದೀನಿ. ಅದೇ ಕೆಲಸಕ್ಕೆ ಒಬ್ಬರನ್ನ ಸಂಬಳಕ್ಕೆ ಇಟ್ಕೊಂಡ್ರೆ 8ರಲ್ಲಿ ಮುಗಿಯುತ್ತೆ. ತಿಂಗಳಿಗೆ 2 ಉಳೀತಲ್ಲ, ಯಾಕೆ ಇಟ್ಕೋಬಾರದು?" ಅಂತ ಕೇಳಿದಳು. ಕೇಳೋದಕ್ಕೆ ಸರಿಯಾಗೇ ಇದೆ. 30 ಇದ್ದದ್ದು 32 ಆಗುತ್ತೆ. ನಾನು ಸುಮ್ನೆ ಎ ಸಾಲನ್ನು ಅಳಿಸಿ, ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ತೋರಿಸಿದೆ.

ಈಗಿರುವ ಹಾಗೆಯೇ ಇದ್ದು ಎ ಹೋದರೆ, ಬಿಲ್ 100ರಿಂದ 60ಕ್ಕೆ ಇಳಿಯುತ್ತೆ. ಎ ಕೆಲಸಕ್ಕೆ ಕರೆಯುತ್ತಿದ್ದ ಹೊರಗಿನವರ 10 ಕೂಡ ಅವತ್ತೇ ನಿಲ್ಲುತ್ತೆ. ಉಳಿದ ಕ್ಲೈಂಟ್‌ಗಳ ಕೆಲಸಕ್ಕೆ ಹೊರಗೆ ಕೊಡುವುದು 10, ಸಂಬಳ ಬಾಡಿಗೆಗೆ 50. ಅರವತ್ತು ಬಂತು, ಅರವತ್ತು ಹೋಯಿತು. ಅವಳಿಗೆ ಸೊನ್ನೆ.

ಅಂದರೆ ಬಿಲ್ಲಿನಲ್ಲಿ ಎ ಪಾಲು ಶೇಕಡಾ 40, ಅವಳ ಆದಾಯದಲ್ಲಿ ಎ ಪಾಲು ಶೇಕಡಾ 100. ಸಂಬಳಕ್ಕೆ ಒಬ್ಬರನ್ನು ಇಟ್ಟುಕೊಂಡ ಮೇಲೆ ಎ ಹೋದರೆ ಇನ್ನೂ ಕಷ್ಟ. ಆ 8 ಈಗ ನಿಲ್ಲದ ಖರ್ಚು. 60 ಬರುತ್ತೆ, 68 ಹೋಗುತ್ತೆ. ಪ್ರತಿ ತಿಂಗಳೂ 8 ಕೈಯಿಂದ ಹಾಕಬೇಕು. ಎ ಇರುವಷ್ಟು ದಿನ ತಿಂಗಳಿಗೆ 2 ಉಳಿಸಿ, ಎ ಹೋದ ಮೇಲೆ ತಿಂಗಳಿಗೆ 8 ಕೊಡುವ ವ್ಯವಹಾರ ಅದು. ಅವಳು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, "ಹೊರಗಿನವರು ದುಬಾರಿ ಅಂದ್ಕೊಂಡಿದ್ದೆ" ಅಂದಳು. ದುಬಾರಿಯೇ. ಆದರೆ ಆ ಜಾಸ್ತಿ 2 ಒಂದು ಥರದ ವಿಮೆಯ ಕಂತು. ಒಬ್ಬನೇ ಕ್ಲೈಂಟ್ ಕೊಡುವ ಕೆಲಸಕ್ಕೆ ಖರ್ಚೂ ಆ ಕ್ಲೈಂಟ್ ಜೊತೆಗೇ ಹೋಗುವಂಥದ್ದಾಗಿದ್ದರೆ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಇದನ್ನು ಒಂದು ಸಾಲಿನ ಸೂತ್ರ ಮಾಡಿ ಅವಳ ಶೀಟಿಗೆ ಸೇರಿಸಿದೆ. B ಕಾಲಮ್ಮಿನಲ್ಲಿ ಕ್ಲೈಂಟಿನ ಬಿಲ್, Cಯಲ್ಲಿ ಆ ಕೆಲಸಕ್ಕೆ ಮಾತ್ರ ಆಗುವ ಖರ್ಚು, F2ನಲ್ಲಿ ಎಲ್ಲ ಕಳೆದು ಕೊನೆಗೆ ಅವಳಿಗೆ ಉಳಿಯುವ ಮೊತ್ತ.

```
=(B2-C2)/$F$2
```

ಎ ಸಾಲಿಗೆ ಇದು 1 ಅಂತ ತೋರಿಸುತ್ತೆ, ಅಂದರೆ ಪೂರ್ತಿ ಆದಾಯ. ಬಿ ಸಾಲಿಗೆ 13 ಭಾಗಿಸು 30, ಸುಮಾರು 0.43. ಬಿಲ್ಲಿನಲ್ಲಿ ಶೇಕಡಾ 18 ಪಾಲು ಇರುವ ಬಿ ಹೋದರೆ ಆದಾಯದಲ್ಲಿ ಶೇಕಡಾ 43 ಹೋಗುತ್ತೆ. 4ರ ಸಣ್ಣ ಕ್ಲೈಂಟ್ ಒಬ್ಬ ಹೋದರೂ ಆದಾಯ ಶೇಕಡಾ 10 ಇಳಿಯುತ್ತೆ. ನಿಲ್ಲದ ಖರ್ಚು ಜಾಸ್ತಿ ಇದ್ದಷ್ಟೂ, ಕೊನೆಗೆ ಉಳಿಯುವುದು ತೆಳ್ಳಗಿದ್ದಷ್ಟೂ ಪಾಲಿಗೂ ಪೆಟ್ಟಿಗೂ ನಡುವಿನ ಅಂತರ ದೊಡ್ಡದಾಗುತ್ತೆ. ಒಬ್ಬರೇ ಮನೆಯಲ್ಲಿ ಕೂತು ಕೆಲಸ ಮಾಡುವವರಿಗೆ ಖರ್ಚೇ ಕಮ್ಮಿ, ಹಾಗಾಗಿ ಅವರಿಗೆ 40 ಹೋದರೆ ಹೆಚ್ಚುಕಮ್ಮಿ 40 ಹೋದಂತೆ. ಮೂರು ಜನಕ್ಕೆ ಸಂಬಳ ಕೊಡುವವರಿಗೆ ಹಾಗಲ್ಲ.

## ಎಂಟಲ್ಲ, ನಾಲ್ಕೂ ಚಿಲ್ಲರೆ

ಪಟ್ಟಿಯಲ್ಲಿ ಎಂಟು ಹೆಸರಿದೆ, ಆದರೆ ಸಮನಾದ ಎಷ್ಟು ಕ್ಲೈಂಟ್‌ಗಳಿದ್ದ ಹಾಗೆ ಅಂತ ತಿಳಿಯಲು ಒಂದು ಹಳೆಯ ಅಳತೆ ಇದೆ. ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ ಅನ್ನುತ್ತಾರೆ. ಒಂದು ಮಾರುಕಟ್ಟೆ ಎಷ್ಟು ಕಂಪನಿಗಳ ಕೈಯಲ್ಲಿದೆ ಅಂತ ನೋಡಲು ಸ್ಪರ್ಧಾ ಕಾನೂನಿನವರು ಬಳಸುವ ಲೆಕ್ಕ. ನಮ್ಮ ಪಟ್ಟಿಗೂ ಚೆನ್ನಾಗಿ ಹೊಂದುತ್ತೆ. ಪ್ರತಿಯೊಬ್ಬರ ಶೇಕಡಾ ಪಾಲನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿಸಬೇಕು. 40ಕ್ಕೆ 1600, 18ಕ್ಕೆ 324, 12ಕ್ಕೆ 144, 10ಕ್ಕೆ 100, 8ಕ್ಕೆ 64, ಮೂರು ನಾಲ್ಕುಗಳಿಗೆ ಒಟ್ಟು 48. ಕೂಡಿದರೆ 2280. ಕ್ಲೈಂಟ್ ಒಬ್ಬನೇ ಇದ್ದಿದ್ದರೆ 100 ಗುಣಿಸು 100, ಹತ್ತು ಸಾವಿರ ಬರುತ್ತಿತ್ತು. ಆ ಹತ್ತು ಸಾವಿರವನ್ನು 2280ರಿಂದ ಭಾಗಿಸಿದರೆ ಸುಮಾರು 4.4 ಬರುತ್ತೆ. ಎಂಟು ಕ್ಲೈಂಟ್ ಅಂತ ಹೇಳಿಕೊಂಡು ತಿರುಗುತ್ತಿದ್ದರೂ, ನಿಜಕ್ಕೆ ಇರುವುದು ನಾಲ್ಕೂ ಚಿಲ್ಲರೆ ಕ್ಲೈಂಟ್‌ಗಳ ಬಲ ಅಷ್ಟೇ.

ಆದರೆ ಈ ಲೆಕ್ಕ ಪಟ್ಟಿಯಲ್ಲಿರುವ ಹೆಸರುಗಳನ್ನು ನಂಬುತ್ತೆ. ಹೆಸರು ಎರಡಿದ್ದು ಯಜಮಾನ ಒಬ್ಬನೇ ಆಗಿದ್ದರೆ? ಗೆಳತಿಯ ಇನ್ವಾಯ್ಸ್‌ಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದಾಗ ನನ್ನ ಕಣ್ಣಿಗೆ ಬಿದ್ದದ್ದು ಇದು. ಎ ಮತ್ತು ಬಿ ಹೆಸರು ಬೇರೆ, ಲೋಗೋ ಬೇರೆ, ಮಾತಾಡುವ ಮ್ಯಾನೇಜರ್‌ಗಳೂ ಬೇರೆ. ಆದರೆ ಬಿಲ್ ಕಳಿಸಬೇಕಾದ ಇಮೇಲ್ ವಿಳಾಸ ಎರಡಕ್ಕೂ ಒಂದೇ. ಕೇಳಿದರೆ, "ಹೌದು, ಎರಡೂ ಒಂದೇ ಗ್ರೂಪಿನವು. ಆದ್ರೆ ಅವರಿಗೂ ಇವರಿಗೂ ಏನೂ ಸಂಬಂಧ ಇಲ್ಲ ಕಣೋ" ಅಂದಳು. ಕೆಲಸದ ಮಟ್ಟದಲ್ಲಿ ಇರಲಿಕ್ಕಿಲ್ಲ. ಖರೀದಿ ವಿಭಾಗ ಒಂದೇ ಆಗಿದ್ದರೆ, ದುಡ್ಡಿನ ಮಟ್ಟದಲ್ಲಿ ಅವರು ಒಬ್ಬರೇ. 40 ಮತ್ತು 18 ಸೇರಿ 58. ಹಾಗೆ ಸೇರಿಸಿ ಮತ್ತೆ ಲೆಕ್ಕ ಹಾಕಿದರೆ ನಾಲ್ಕೂ ಚಿಲ್ಲರೆ ಇದ್ದದ್ದು 2.7ಕ್ಕೆ ಇಳಿಯಿತು.

ಇದು ನನ್ನ ಅತಿ ಅನುಮಾನ ಏನಲ್ಲ. ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಇದು ನಿಯಮವೇ ಆಗಿದೆ. ಐಎಫ್‌ಆರ್‌ಎಸ್ 8 ಅನ್ನುವ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದ ಪ್ರಕಾರ, ಒಬ್ಬ ಗ್ರಾಹಕನಿಂದ ಒಟ್ಟು ವಹಿವಾಟಿನ ಶೇಕಡಾ 10 ಅಥವಾ ಅದಕ್ಕಿಂತ ಜಾಸ್ತಿ ಬರುತ್ತಿದ್ದರೆ ಅದನ್ನು ವರದಿಯಲ್ಲಿ ಹೇಳಬೇಕು. ಹೆಸರು ಹೇಳಬೇಕಾಗಿಲ್ಲ, ಆದರೆ ಮೊತ್ತ ಹೇಳಬೇಕು. ಒಂದೇ ನಿಯಂತ್ರಣದಲ್ಲಿರುವ ಸಂಸ್ಥೆಗಳು ಅಂತ ಗೊತ್ತಿದ್ದರೆ ಅವನ್ನೆಲ್ಲ ಒಬ್ಬನೇ ಗ್ರಾಹಕ ಅಂತ ಎಣಿಸಬೇಕು ಅಂತಲೂ ಅಲ್ಲಿದೆ.

ಹೇಳಿಬಿಟ್ಟರೆ ಅಪಾಯ ಹೋಗುವುದಿಲ್ಲ, ಅದು ಬೇರೆ ಮಾತು. ಬ್ರಿಟನ್ನಿನ ಇಮ್ಯಾಜಿನೇಷನ್ ಟೆಕ್ನಾಲಜೀಸ್ ಕಂಪನಿಯ ವಹಿವಾಟಿನಲ್ಲಿ ಸುಮಾರು ಅರ್ಧ ಆಪಲ್‌ನಿಂದ ಬರುತ್ತಿತ್ತು. ಐಫೋನಿನ ಗ್ರಾಫಿಕ್ಸ್ ತಂತ್ರಜ್ಞಾನ ಅವರದ್ದು. ಎಲ್ಲರಿಗೂ ಗೊತ್ತಿದ್ದ ವಿಷಯವೇ. 2017ರ ಏಪ್ರಿಲ್‌ನಲ್ಲಿ, ಇನ್ನು 15 ತಿಂಗಳಿಂದ ಎರಡು ವರ್ಷದ ಒಳಗೆ ನಿಮ್ಮ ತಂತ್ರಜ್ಞಾನ ಬಳಸುವುದನ್ನು ನಿಲ್ಲಿಸುತ್ತೇವೆ ಅಂತ ಆಪಲ್ ತಿಳಿಸಿದೆ ಅಂತ ಕಂಪನಿ ಪ್ರಕಟಿಸಿತು. ಆ ಒಂದೇ ದಿನದಲ್ಲಿ ಷೇರು ಬೆಲೆ ಶೇಕಡಾ 60ಕ್ಕೂ ಜಾಸ್ತಿ ಬಿತ್ತು. ಅದೇ ವರ್ಷ ಕಂಪನಿ ಮಾರಾಟವಾಯಿತು. ವಹಿವಾಟು ಅರ್ಧ, ಅದೂ ಒಂದು ವರ್ಷದ ಮೇಲೆ ಹೋಗುವುದು. ಬೆಲೆ ಬಿದ್ದದ್ದು ಅರ್ಧಕ್ಕಿಂತ ಜಾಸ್ತಿ, ಅದೂ ಅವತ್ತೇ. ಮೇಲಿನ ಟೇಬಲ್ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ ಅಲ್ವಾ?

## ಬ್ಯಾಂಕಿನಲ್ಲಿ ದುಡ್ಡು ಜಾಸ್ತಿ ಆಗುವ ಎರಡು ತಿಂಗಳು

ಕೊನೆಗೆ ಎ ಹೋಯಿತು. ಜಗಳ ಇಲ್ಲ, ದೂರು ಇಲ್ಲ. ಮೊದಲು ಬಂದದ್ದು ಒಂದು ಸಾದಾ ಇಮೇಲ್. "ಇಲ್ಲಿಯವರೆಗಿನ ಎಲ್ಲ ಡಿಸೈನ್ ಫೈಲ್‌ಗಳನ್ನೂ ಒಂದೇ ಫೋಲ್ಡರ್‌ನಲ್ಲಿ ಹಾಕಿ ಕೊಡಿ, ಯಾವ ಯಾವ ಲಾಗಿನ್ ಯಾರ ಹತ್ತಿರ ಇದೆ ಅಂತ ಒಂದು ಪಟ್ಟಿ ಮಾಡಿ" ಅಂತ ಹೊಸ ಮ್ಯಾನೇಜರ್ ಕೇಳಿದ್ದರು. ಅಚ್ಚುಕಟ್ಟಿನ ಮನುಷ್ಯ ಅಂತ ಗೆಳತಿಗೆ ಖುಷಿಯೇ ಆಗಿತ್ತು. ನನ್ನ ಅನುಭವದಲ್ಲಿ, ಇಷ್ಟು ವರ್ಷ ಯಾರೂ ಕೇಳದ ಪಟ್ಟಿಯನ್ನು ಹೊಸಬರು ಬಂದು ಕೇಳಿದರೆ, ಆ ಕೆಲಸ ಬೇರೆಯವರ ಕೈಗೆ ಹೋಗುವ ತಯಾರಿ ಅದು. ಪ್ರತಿ ಸಲವೂ ಅಲ್ಲ, ಆದರೆ ಬಹಳ ಸಲ. ಸ್ವಲ್ಪ ದಿನಕ್ಕೆ ಒಂದು ತಿಂಗಳ ನೋಟಿಸ್ ಬಂತು. ಇಡೀ ಗ್ರೂಪಿನ ಕೆಲಸವನ್ನು ಒಂದೇ ದೊಡ್ಡ ಏಜೆನ್ಸಿಗೆ ಕೊಡುವ ತೀರ್ಮಾನ ಆಗಿತ್ತಂತೆ. ಬಿಯ ಒಪ್ಪಂದ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅದು ಸದ್ಯಕ್ಕೆ ಉಳಿಯಿತು.

ಆಮೇಲಿನದ್ದೇ ವಿಚಿತ್ರ. ಕೆಲಸ ನಿಂತ ಮೊದಲ ತಿಂಗಳ ಕೊನೆಗೆ ಅವಳ ಫೋನ್ ಬಂತು. "ನೀನು ಹೆದರಿಸಿದಷ್ಟು ಏನೂ ಆಗ್ಲಿಲ್ಲ ಕಣೋ. ಅಕೌಂಟಿನಲ್ಲಿ ಯಾವಾಗಲೂ ಇರೋದಕ್ಕಿಂತ ಜಾಸ್ತೀನೇ ಇದೆ!"

ಇತ್ತು, ನಿಜ. ಇದು ಹೇಗೆ ಅಂತ ನಿಧಾನಕ್ಕೆ ನೋಡಿ. ಅವಳು ತಿಂಗಳ ಕೊನೆಗೆ ಬಿಲ್ ಮಾಡುತ್ತಾಳೆ, ಕ್ಲೈಂಟ್‌ಗಳು 45 ದಿನಕ್ಕೆ ದುಡ್ಡು ಹಾಕುತ್ತಾರೆ. ಹಾಗಾಗಿ ಯಾವ ತಿಂಗಳಲ್ಲಿ ನೋಡಿದರೂ ಖಾತೆಗೆ ಬೀಳುವುದು ಎರಡು ತಿಂಗಳ ಹಿಂದೆ ಮಾಡಿದ ಕೆಲಸದ ದುಡ್ಡು. ಎ ಕೆಲಸ ನಿಂತ ಮೇಲಿನ ಮೊದಲ ತಿಂಗಳಲ್ಲೂ, ಎರಡನೇ ತಿಂಗಳಲ್ಲೂ ಹಳೆಯ 100 ಪೂರ್ತಿ ಬಂತು. ಆದರೆ ಹೊರಗಿನವರಿಗೆ ಕೊಡುತ್ತಿದ್ದ 10 ತಕ್ಷಣ ನಿಂತಿತ್ತು. ಬರುವುದು 100, ಹೋಗುವುದು 60. ಎಂದಿನ 30ರ ಜಾಗದಲ್ಲಿ 40 ಉಳಿಯಿತು. ಅತಿ ದೊಡ್ಡ ಕ್ಲೈಂಟ್ ಹೋದ ಮೇಲೆ ಸತತ ಎರಡು ತಿಂಗಳು ಬ್ಯಾಂಕಿನ ಪ್ರಕಾರ ಅವಳ ಆದಾಯ ಮೂರನೇ ಒಂದರಷ್ಟು ಏರಿತ್ತು! ಮೂರನೇ ತಿಂಗಳು 60 ಬಂತು, 60 ಹೋಯಿತು.

ಇದು ಬರೀ ಕುತೂಹಲದ ಲೆಕ್ಕ ಅಲ್ಲ. ಹೊಸ ಕೆಲಸ ಹುಡುಕಲು, ಖರ್ಚು ಕಡಿಮೆ ಮಾಡಲು ಅತಿ ಬೆಲೆಬಾಳುವ ಸಮಯ ಈ ಎರಡು ತಿಂಗಳೇ. ಅದೇ ಹೊತ್ತಿನಲ್ಲಿ ಖಾತೆ "ಎಲ್ಲ ಚೆನ್ನಾಗಿದೆ" ಅನ್ನುತ್ತಿರುತ್ತೆ. ಹಾಗಾಗಿ ಕ್ಲೈಂಟ್ ಹೋದ ಮೇಲೆ ಬ್ಯಾಂಕ್ ನೋಡಬಾರದು, ಆ ತಿಂಗಳು ಮಾಡಿದ ಬಿಲ್ ನೋಡಬೇಕು. ಅದು ಮೊದಲ ತಿಂಗಳೇ 60 ಅಂತ ತೋರಿಸುತ್ತೆ.

ಇನ್ನೊಂದು ಮಾತು. ಕೆಲಸ ನಿಂತ ದಿನ ಎ ಕಡೆಯಿಂದ ಬರಬೇಕಾಗಿದ್ದ ಬಾಕಿ ಎರಡು ತಿಂಗಳ ಬಿಲ್, ಒಟ್ಟು 80. ಅಂದರೆ ಅವಳ ಎರಡೂವರೆ ತಿಂಗಳಿಗಿಂತ ಜಾಸ್ತಿ ಆದಾಯ, ಇನ್ನು ಮುಂದೆ ನಮ್ಮ ಅಗತ್ಯವೇ ಇಲ್ಲದ ಒಬ್ಬರ ಕೈಯಲ್ಲಿ. ಗೆಳತಿಗೆ ಅದು ಪೂರ್ತಿ ಬಂತು, ಅದೃಷ್ಟ ಚೆನ್ನಾಗಿತ್ತು. ಕೊನೆಯ ಬಿಲ್‌ಗೆ "ಇದರಲ್ಲಿ ಈ ಕೆಲಸ ಆಗಿಲ್ಲ" ಅಂತ ತಕರಾರು ತೆಗೆದು ತಿಂಗಳುಗಟ್ಟಲೆ ಎಳೆಯುವವರನ್ನು ಬೇರೆ ಕಡೆ ನೋಡಿದ್ದೇನೆ. ಹಾಗೆ ಆದರೆ ಮೂರನೇ ತಿಂಗಳಿಗೆ ಬರುವ ಹೊಡೆತ ಎರಡನೇ ತಿಂಗಳಿಗೇ ಬರುತ್ತೆ. ಎಲ್ಲ ಫೈಲ್ ಹಸ್ತಾಂತರಿಸುವ ಮೊದಲು ಹಳೆಯ ಬಾಕಿ ಚುಕ್ತಾ ಆಗಲಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಒಪ್ಪಂದದಲ್ಲೇ ಹಾಗೆ ಬರೆದುಕೊಂಡಿದ್ದರೆ ಇನ್ನೂ ವಾಸಿ.

## 30 ಮತ್ತೆ 30 ಆಗುವುದು ಯಾವಾಗ

40ರ ಕ್ಲೈಂಟ್ ಜಾಗಕ್ಕೆ ಇನ್ನೊಬ್ಬ 40ರ ಕ್ಲೈಂಟ್ ಬರುವುದು ಅಪರೂಪ. ಎ ಕೂಡ ಮೊದಲು ಸಣ್ಣದಾಗೇ ಇದ್ದು ವರ್ಷಗಳಲ್ಲಿ ಬೆಳೆದದ್ದು. ಬರುವವರು ಸಾಮಾನ್ಯವಾಗಿ ಸಣ್ಣವರು. ತಲಾ 6 ಬಿಲ್, ಅದರಲ್ಲಿ ಹೊರಗಿನವರಿಗೆ 1.5 ಹೋಗಿ 4.5 ಉಳಿಯುತ್ತೆ ಅಂತ ಇಟ್ಟುಕೊಳ್ಳಿ. 30 ತುಂಬಲು ಅಂಥ ಏಳು ಜನ ಬೇಕು. ಮೊದಲ ಮಾತುಕತೆಯಿಂದ ಕೆಲಸ ಶುರುವಾಗಲು ಎರಡು ತಿಂಗಳು, ಆಮೇಲೆ ತಿಂಗಳಿಗೊಬ್ಬರಂತೆ ಸಿಗುತ್ತಾ ಹೋದರು ಅಂದರೂ (ಇದು ಧಾರಾಳವಾದ ಅಂದಾಜು) ಬಿಲ್ ಲೆಕ್ಕದಲ್ಲಿ ಒಂಬತ್ತನೇ ತಿಂಗಳಿಗೆ ಹಳೆಯ ಮಟ್ಟ. ಖಾತೆಗೆ ದುಡ್ಡು ಬೀಳುವುದು ಇನ್ನೂ ಎರಡು ತಿಂಗಳು ತಡ, ಹನ್ನೊಂದನೇ ತಿಂಗಳು.

ನಡುವೆ ಒಂದು ಗುಂಡಿ ಇದೆ. ಹೊಸ ಕ್ಲೈಂಟಿನ ಕೆಲಸಕ್ಕೆ ಹೊರಗಿನವರಿಗೆ ಈಗಲೇ ಕೊಡಬೇಕು, ದುಡ್ಡು ಬರುವುದು ಎರಡು ತಿಂಗಳ ಮೇಲೆ. ಹಾಗಾಗಿ ಎ ಹೋದ ಮೂರನೇ, ನಾಲ್ಕನೇ ತಿಂಗಳಲ್ಲಿ, ಹೊಸ ಕೆಲಸ ಸಿಕ್ಕಿದ್ದರೂ, ಖಾತೆ ಸೊನ್ನೆಗಿಂತ ಸ್ವಲ್ಪ ಕೆಳಗೇ ಹೋಗುತ್ತೆ. ಎಲ್ಲರೂ ಎದೆ ಒಡೆದುಕೊಳ್ಳುವುದು ಇಲ್ಲಿ. ಓಡಾಡಿ ಕೆಲಸ ಹಿಡಿದಿದ್ದೇವೆ, ಆದರೂ ದುಡ್ಡು ಕಮ್ಮಿ ಆಗ್ತಿದೆ ಯಾಕೆ ಅಂತ. ಲೆಕ್ಕ ತಪ್ಪಿಲ್ಲ, ದುಡ್ಡು ದಾರಿಯಲ್ಲಿದೆ ಅಷ್ಟೇ.

ಈ ಇಡೀ ಅವಧಿಯಲ್ಲಿ ತಿಂಗಳಿಗೆ 30 ತೆಗೆದುಕೊಳ್ಳುತ್ತಲೇ ಇರಬೇಕು ಅಂದರೆ ಒಟ್ಟು ಕೊರತೆ ಸುಮಾರು 145. ಹೆಚ್ಚುಕಮ್ಮಿ ಐದು ತಿಂಗಳ ಆದಾಯ. "ಆರು ತಿಂಗಳ ಖರ್ಚು ಉಳಿಸಿಟ್ಟಿರಿ" ಅನ್ನುವ ಉಪದೇಶ ಎಲ್ಲರೂ ಕೇಳಿರುತ್ತೇವೆ. ನನಗೆ ಅದಕ್ಕಿಂತ ಹೀಗೆ ಸ್ವಂತ ಪಟ್ಟಿಯಿಂದ ಬಂದ ಸಂಖ್ಯೆ ಇಷ್ಟ. ಅತಿ ದೊಡ್ಡ ಕ್ಲೈಂಟ್ ಹೋದರೆ ಎಷ್ಟು ಕೊರತೆ, ತುಂಬಲು ಎಷ್ಟು ಕಾಲ ಅಂತ ಲೆಕ್ಕ ಹಾಕಿ, ಅಷ್ಟನ್ನು ಆ ಕ್ಲೈಂಟ್ ಇರುವಾಗಲೇ ಬೇರೆ ಖಾತೆಯಲ್ಲಿ ಕೂಡಿಡುವುದು. ಗೆಳತಿ ಹತ್ತಿರ 145 ಇರಲಿಲ್ಲ. ಇದ್ದದ್ದು ಅರ್ಧದಷ್ಟು. ಉಳಿದದ್ದನ್ನು ಅವಳು ತನ್ನ ಪಾಲು ಕಡಿಮೆ ಮಾಡಿಕೊಂಡು ತುಂಬಿದಳು, ಮೂವರಲ್ಲಿ ಯಾರನ್ನೂ ಕಳಿಸಲಿಲ್ಲ. ಕಳಿಸಿದ್ದರೆ ಹೊಸ ಕೆಲಸ ಮಾಡಲು ಕೈ ಇರುತ್ತಿರಲಿಲ್ಲ ಅನ್ನುವುದು ಅವಳ ವಾದ. ನನಗೂ ಅದು ಸರಿ ಅನ್ನಿಸಿತು, ಆದರೂ ಐದನೇ ತಿಂಗಳು ಇಬ್ಬರಿಗೂ ಅಷ್ಟು ಧೈರ್ಯ ಇರಲಿಲ್ಲ.

## ಹೋಗದೆ ಇದ್ದರೂ ಬೀಳುವ ಪೆಟ್ಟು

ದೊಡ್ಡ ಕ್ಲೈಂಟ್ ಬೇಡ ಅಂತ ನಾನು ಹೇಳುವುದಿಲ್ಲ. ಎ ಇದ್ದಾಗ ಒಂದು ಮೀಟಿಂಗ್, ಒಂದು ಬಿಲ್, 40 ಬರುತ್ತಿತ್ತು. ಈಗ ಅಷ್ಟಕ್ಕೆ ಏಳು ಮೀಟಿಂಗ್, ಏಳು ಬಿಲ್, ಏಳು ಜನರ ಹಿಂದೆ ಬಾಕಿ ಕೇಳಿಕೊಂಡು ತಿರುಗಬೇಕು. ಹಂಚಿಕೊಂಡಿರುವುದಕ್ಕೂ ಖರ್ಚಿದೆ.

ಆದರೆ ದೊಡ್ಡ ಕ್ಲೈಂಟಿಗೆ ತಾನು ದೊಡ್ಡವನು ಅಂತ ಗೊತ್ತಿರುತ್ತೆ. ಹೋಗುವ ಹಿಂದಿನ ವರ್ಷ ಎ ಶೇಕಡಾ 10 ರಿಯಾಯಿತಿ ಕೇಳಿತ್ತು. 40ರಲ್ಲಿ 4. ಕೆಲಸ ಅಷ್ಟೇ, ಖರ್ಚು ಅಷ್ಟೇ, ಹಾಗಾಗಿ ಆ 4 ನೇರವಾಗಿ 30ರಿಂದ ಹೋಗುತ್ತೆ. ಆದಾಯದಲ್ಲಿ ಶೇಕಡಾ 13ಕ್ಕೂ ಜಾಸ್ತಿ. 45 ದಿನದ ಬದಲು 90 ದಿನಕ್ಕೆ ದುಡ್ಡು ಕೊಡುತ್ತೇವೆ ಅಂತಲೂ ಅಂದಿತ್ತು, ಒಪ್ಪಿದ್ದರೆ ಅವಳ 60 ಹೆಚ್ಚುವರಿಯಾಗಿ ಅವರ ಹತ್ತಿರ ಸಿಕ್ಕಿಕೊಳ್ಳುತ್ತಿತ್ತು. ಅವಳು ಹೇಗೋ ಎರಡನ್ನೂ ತಳ್ಳಿಹಾಕಿದ್ದಳು. ಒಬ್ಬರ ಮೇಲೆ ಇಷ್ಟು ನಿಂತಿರುವಾಗ ಬೇಡ ಅನ್ನುವುದು ಸುಲಭ ಅಲ್ಲ. 4ರ ಕ್ಲೈಂಟ್ ಇದೇ ಕೇಳಿದ್ದರೆ ಅವಳು ನಕ್ಕು ಕಳಿಸುತ್ತಿದ್ದಳು.

ನನ್ನ ಪ್ರಕಾರ ರಿಯಾಯಿತಿ ಕೇಳಿದ ಆ ದಿನವೇ ನೋಟಿಸ್ ಅವಧಿ ಕೇಳಬೇಕು. ಅವರು ಒಂದನ್ನು ಕೇಳುತ್ತಿರುವಾಗ ನಾವೂ ಒಂದನ್ನು ಕೇಳಬಹುದು. ಎ ಕೆಲಸದಿಂದ ತಿಂಗಳಿಗೆ 30 ಉಳಿಯುತ್ತಿದ್ದರೆ, ನೋಟಿಸ್ ಒಂದು ತಿಂಗಳ ಬದಲು ಮೂರು ತಿಂಗಳು ಇದ್ದರೆ ಅದರ ಬೆಲೆ 60. ಕೊರತೆಯ 145ರಲ್ಲಿ ಶೇಕಡಾ 40ಕ್ಕೂ ಜಾಸ್ತಿ, ಒಂದೇ ಸಾಲಿನಿಂದ. ಕ್ಲೈಂಟಿಗೆ ಆ ಸಾಲು ಇವತ್ತು ಒಂದು ಪೈಸೆ ಖರ್ಚು ಮಾಡಿಸುವುದಿಲ್ಲ, ಹಾಗಾಗಿ ಬೆಲೆಗಿಂತ ಸುಲಭವಾಗಿ ಒಪ್ಪುತ್ತಾರೆ.

ಬಿಯ ಒಪ್ಪಂದ ಮುಗಿಯುವ ಹೊತ್ತಿಗೆ ಅವಳು ಇದನ್ನು ಮಾಡಿದಳು. ಅಷ್ಟು ಹೊತ್ತಿಗೆ ಹೊಸಬರು ಸೇರಿ ಬಿ ಪಾಲು 20ರ ಆಸುಪಾಸಿನಲ್ಲಿತ್ತು, ಎ ಹೋದ ಮೇಲೆ ಪಟ್ಟಿಯಲ್ಲಿ ಅತಿ ದೊಡ್ಡದು ಅದೇ. ಬಿಯವರು ದರ ಇಳಿಸಲು ಕೇಳಿದರು. ಅವಳು ದರ ಹಾಗೇ ಇಟ್ಟು, ಬಿಲ್‌ನಲ್ಲಿ ಒಂದು ಸಣ್ಣ ಕೆಲಸ ಉಚಿತವಾಗಿ ಸೇರಿಸಿ, 90 ದಿನದ ನೋಟಿಸ್ ಕೇಳಿದಳು. 60 ದಿನಕ್ಕೆ ಒಪ್ಪಿದರು. ಮೊದಲು 30 ದಿನ ಇತ್ತು. ಬಿ ಸಾಲಿನ ಪಕ್ಕದಲ್ಲಿ ಹೊಸ ಕಾಲಮ್ ಮಾಡಿ, ಒಂದು ಹೆಚ್ಚುವರಿ ತಿಂಗಳಿಗೆ 13 ಅಂತ ಬರೆದುಕೊಂಡಿದ್ದಾಳೆ.